ಜೋಡಿ ಕ್ಲಾಸು

ಲೆಕ್ಕ ಹೇಳಿಕೊಡುವುದರಲ್ಲಿ ಅಕೌಂಟ್ಸ್ ಮೇಡಂ ಎತ್ತಿದ ಕೈ. ವರ್ಷದ ಕೊನೆಗೆ ಬಾಕಿ ಉಳಿದ ಸಂಬಳವನ್ನು ಪುಸ್ತಕದಲ್ಲಿ ಎಲ್ಲಿ ತೋರಿಸಬೇಕು ಎಂಬುದನ್ನು ಹಿಂದಿನ ಬೆಂಚಿನಲ್ಲಿ ಆಕಳಿಸುವವನಿಗೂ ಅರ್ಥವಾಗುವ ಹಾಗೆ ಹೇಳಬಲ್ಲಳು. ಆದರೆ ಅವಳದೇ ಬಾಕಿ ಎಲ್ಲಿ ಹೋಗಿ ಕೂತಿದೆ ಎಂಬುದು ಮಾತ್ರ ಅವಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಅದನ್ನು ಸಂಬಳ ಎನ್ನುವ ಹಾಗೂ ಇಲ್ಲ. ಅತಿಥಿ ಉಪನ್ಯಾಸಕರಿಗೆ ಸಿಗುವುದು ಸಂಭಾವನೆ, ಅದೂ ಪಾಠ ಮಾಡಿದ ಪೀರಿಯಡ್‌ಗೆ ಇಷ್ಟು ಎಂದು. ರಜೆ ಬಂದರೆ ಇಲ್ಲ, ಪರೀಕ್ಷೆ ಬಂದರೆ ಇಲ್ಲ, ಜ್ವರ ಬಂದರೆ ಇಲ್ಲವೇ ಇಲ್ಲ. ಅತಿಥಿ ಎಂದು ಹೆಸರಿಟ್ಟ ಪುಣ್ಯಾತ್ಮ ಯಾರೋ ಏನೋ, ಬಂದ ಅತಿಥಿಗೆ ಕೂರಲು ಒಂದು ಕುರ್ಚಿ ಬೇಕು ಎಂಬುದನ್ನು ಮರೆತೇಬಿಟ್ಟಿದ್ದ.

ಕಾಲೇಜಿನಲ್ಲಿ ಅಂಥ ಅತಿಥಿಗಳು ಆರು ಜನ. ಹಿಂದೆ ಆಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದರು. ಗಾಳಿ ಹೋದ ಚೆಂಡುಗಳು ಇನ್ನೂ ಮೂಲೆಯಲ್ಲೇ ಇದ್ದವು, ಗೋಡೆಗೆ ಒರಗಿಸಿದ ಬಲೆಯ ಕಂಬಗಳ ಮೇಲೆ ಮಳೆಗಾಲದಲ್ಲಿ ಛತ್ರಿ ತೂಗುಹಾಕುತ್ತಿದ್ದರು. ಕುರ್ಚಿ ನಾಲ್ಕೇ ಇದ್ದದ್ದು. ಯಾರಾದರೂ ಇಬ್ಬರು ಯಾವಾಗಲೂ ಕ್ಲಾಸಿನಲ್ಲಿರುತ್ತಾರೆ ಎಂಬ ಲೆಕ್ಕದ ಮೇಲೆ ಕೊಟ್ಟಿದ್ದಿರಬೇಕು.

ಸೆಮಿಸ್ಟರ್ ಶುರುವಾಗಿ ನಾಲ್ಕನೇ ತಿಂಗಳು ನಡೆಯುತ್ತಿತ್ತು. ಒಂದು ಕಾಸೂ ಬಂದಿರಲಿಲ್ಲ. ಮೇಡಂ ಬೆಳಿಗ್ಗೆ ಹೊರಡುವಾಗ ಬಸ್ಸಿನ ಚಿಲ್ಲರೆಯನ್ನು ಅತ್ತೆಯೇ ತಮ್ಮ ಪಿಂಚಣಿಯಿಂದ ತೆಗೆದು ಕೊಡುತ್ತಿದ್ದರು. ಕೊಡುವಾಗ ಬಾಯಿ ಮುಚ್ಚಿಕೊಂಡು ಕೊಡುವ ಹೆಂಗಸಲ್ಲ ಅದು. ನಿಜವಾಗಿಯೂ ಕಾಲೇಜಿಗೇ ಹೋಗುತ್ತೀಯಾ ಅಥವಾ ಎಲ್ಲಾದರೂ ಪಾರ್ಕಿನಲ್ಲಿ ಕೂತು ಬರುತ್ತೀಯಾ ಎಂದು ಕೇಳಿ, ತಮ್ಮ ಮಾತಿಗೆ ತಾವೇ ನಗುತ್ತಿದ್ದರು. ಗಂಡ ನಗುತ್ತಿರಲಿಲ್ಲ. ಅವನ ಅಣ್ಣನ ಫ್ಯಾನ್ ಅಂಗಡಿಯಲ್ಲಿ ಲೆಕ್ಕ ಬರೆಯಲು ಒಬ್ಬರು ಬೇಕಾಗಿತ್ತು. ತಿಂಗಳಿಗೆ ಇಷ್ಟು ಎಂದು ನಿಗದಿ, ಮೊದಲನೇ ತಾರೀಕಿಗೆ ಕೈಯಲ್ಲಿ ದುಡ್ಡು. ಭಾವ ಕೇಳಿದ್ದರು, ಗಂಡ ಒಪ್ಪಿಕೊಂಡುಬಿಟ್ಟಿದ್ದ. ಈ ಸೆಮಿಸ್ಟರ್ ಮುಗಿಯುವುದರೊಳಗೆ ಸಂಭಾವನೆ ಬಂದರೆ ಮುಂದುವರಿಸು, ಬರದಿದ್ದರೆ ಅಂಗಡಿ ಎಂದು ಅವನು ಹೇಳಿದಾಗ ಅವಳು ಹೂಂ ಅಂದಿದ್ದಳು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅವಳಿಗೆ ಕ್ಲಾಸು ಬೇಕಾಗಿತ್ತು. ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತಾಗ ಅವಳು ಬೇರೆಯೇ ಮನುಷ್ಯಳಾಗುತ್ತಿದ್ದಳು. ಫ್ಯಾನ್ ಅಂಗಡಿಯಲ್ಲಿ ಯಾರ ಮುಂದೆ ಹಾಗೆ ನಿಲ್ಲುವುದು?

ಹಾಗಾಗಿ ಅವಳು ಕೇಳಲು ಹೊರಟಳು. ಕೇಳುವುದು ಸಣ್ಣ ವಿಷಯ ಅಲ್ಲ. ಮೊದಲು ಬಾಯಿ ಬಿಟ್ಟವರ ಹೆಸರು ಮುಂದಿನ ಸೆಮಿಸ್ಟರ್ ಪಟ್ಟಿಯಲ್ಲಿ ಇರುವುದಿಲ್ಲ ಎಂಬ ಹೆದರಿಕೆಯಿಂದ ಆರೂ ಜನ ಬಾಯಿಗೆ ಬೀಗ ಹಾಕಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ಇಷ್ಟು ದಿನ ಕಳೆದಿದ್ದರು.

ಕಾಲೇಜಿನ ಗುಮಾಸ್ತರು ಒಳ್ಳೆಯ ಮನುಷ್ಯ. ಕೇಳಿದ ಕೂಡಲೇ, ಬಿಲ್ಲು ಹೋಗಿದೆ ಮೇಡಂ, ಯಾವತ್ತೋ ಹೋಗಿದೆ ಎಂದರು. ಪ್ರಿನ್ಸಿಪಾಲರು, ಅನುದಾನ ಬಿಡುಗಡೆಯಾದ ಹಾಗಿಲ್ಲ, ಬಂದರೆ ಬರುತ್ತದೆ ಎಂದರು. ಕೇಂದ್ರ ಕಚೇರಿಗೆ ಫೋನ್ ಮಾಡಿದರೆ ಎತ್ತಿದವನೊಬ್ಬ ಅನುದಾನ ಬಂದು ಎರಡು ತಿಂಗಳಾಯಿತು, ನಿಮ್ಮ ಬಿಲ್ಲೇ ಬಂದಿಲ್ಲ ಎಂದ. ಮರುದಿನ ಮಾಡಿದಾಗ ಇನ್ನೊಬ್ಬ, ಬಂದಿತ್ತು, ಈಗ ಇಲ್ಲ ಎಂದ. ಬಂದಿತ್ತು ಎಂದರೆ ಏನು, ಈಗ ಇಲ್ಲ ಎಂದರೆ ಏನು? ಹೋದದ್ದು ಬಂದಿಲ್ಲ, ಬಂದದ್ದು ಇಲ್ಲ, ಇಲ್ಲದ್ದು ಬಿಡುಗಡೆಯಾಗಿದೆ. ಅವಳಿಗೆ ತಲೆ ಗಿರ್ರೆಂದಿತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದು ಗೊತ್ತಾಗಿದ್ದರೆ ಅರ್ಧ ಸಮಾಧಾನವಾಗುತ್ತಿತ್ತು, ಅದಕ್ಕೂ ಗತಿಯಿರಲಿಲ್ಲ.

ಕೊನೆಗೆ ತನ್ನ ಕ್ಲಾಸು ಇಲ್ಲದ ಒಂದು ಮಧ್ಯಾಹ್ನ ತಾನೇ ಕೇಂದ್ರ ಕಚೇರಿಗೆ ಹೋದಳು. ಲೆಕ್ಕಪತ್ರ ಶಾಖೆಯಲ್ಲಿ ಕನ್ನಡಕ ತಲೆಯ ಮೇಲೇರಿಸಿಕೊಂಡ ಹೆಂಗಸೊಬ್ಬರು ಕಂಪ್ಯೂಟರಿನಲ್ಲಿ ಕಾಲೇಜಿನ ಹೆಸರು ಹುಡುಕಿ, ಬಿಲ್ಲು ಆಕ್ಷೇಪಣೆಯ ಮೇಲೆ ವಾಪಸು ಹೋಗಿ ತುಂಬಾ ದಿನವಾಯಿತಲ್ಲ ಎಂದರು. ಮೇಡಂ ಅರ್ಥವಾಗದೆ ನಿಂತಿದ್ದು ನೋಡಿ ಆಕೆಗೆ ಪಾಪ ಅನ್ನಿಸಿರಬೇಕು, ಪಕ್ಕದ ಕುರ್ಚಿಯ ಫೈಲುಗಳನ್ನು ಎತ್ತಿ ಕೂರಲು ಹೇಳಿದರು.

ವಿಷಯ ಇಷ್ಟು. ಆರು ಜನರ ಪೀರಿಯಡ್ಡುಗಳನ್ನೂ ಸೇರಿಸಿ ಕಾಲೇಜು ಒಂದೇ ಬಿಲ್ಲು ಕಳಿಸಿತ್ತು. ಅದರ ಜೊತೆಗಿದ್ದ ಹಾಜರಿ ಪ್ರತಿಯಲ್ಲಿ, ಮೊದಲ ತಿಂಗಳ ಒಂದು ದಿನ, ಮೂರನೇ ಪೀರಿಯಡ್‌ಗೆ, ದೊಡ್ಡ ಕೊಠಡಿಯಲ್ಲಿ ಇಬ್ಬರು ಉಪನ್ಯಾಸಕರು ಒಂದೇ ಪಾಠ ಮಾಡಿದ್ದೇವೆ ಎಂದು ಸಹಿ ಹಾಕಿದ್ದರು. ಒಬ್ಬಳು ಅಕೌಂಟ್ಸ್ ಮೇಡಂ. ಇನ್ನೊಬ್ಬರು ಅದೇ ವಿಷಯ ಹೇಳಿಕೊಡುವ, ಕೋಣೆಯವರೆಲ್ಲ ಬಸ್ಸು ಮೇಷ್ಟ್ರು ಎಂದು ಕರೆಯುವ ಅತಿಥಿ.

‘ಒಂದು ರೂಮಲ್ಲಿ ಒಂದು ಗಂಟೆಗೆ ಇಬ್ಬರಿಗೆ ಹೇಗಮ್ಮ ಕೊಡೋದು?’ ಎಂದರು ಆಕೆ. ‘ಒಂದು ಸಾಲು ತಪ್ಪಿದ್ರೂ ಇಡೀ ಬಿಲ್ಲು ವಾಪಸು. ಅದು ಸರಿಹೋಗದೆ ಮುಂದಿನ ತಿಂಗಳದ್ದೂ ತಗೊಳಲ್ಲ. ಆ ಗಂಟೆ ಪಾಠ ಮಾಡಿದ್ದು ಯಾರು ಅಂತ ಅವರ ಕೈಯಲ್ಲೇ ಬರೆಸಿ, ಇನ್ನೊಬ್ಬರದ್ದು ತೆಗೆದು, ತಿದ್ದಿದ ಬಿಲ್ಲು ಕಳಿಸೋಕೆ ಹೇಳಿ. ವಾರದೊಳಗೆ ಆಗತ್ತೆ.’

ಆಮೇಲೆ ದನಿ ತಗ್ಗಿಸಿ ಇನ್ನೊಂದಿಷ್ಟು ಹೇಳಿದರು. ಮುಂದಿನ ಸಲ ಒಬ್ಬೊಬ್ಬರ ಬಿಲ್ಲು ಬೇರೆ ಬೇರೆ ಕಳಿಸಲು ಕೇಳಿಕೊಳ್ಳಿ, ಒಬ್ಬರ ತಪ್ಪಿಗೆ ಆರು ಜನ ಕಾಯಬೇಕಾಗಿಲ್ಲ. ಫೋನಿನಲ್ಲಿ ಕೇಳಬೇಡಿ, ಕಾಗದದಲ್ಲಿ ಕೇಳಿ, ಸ್ವೀಕೃತಿ ಸಂಖ್ಯೆ ತೆಗೆದುಕೊಳ್ಳಿ. ವಿಭಾಗದ ಮುಖ್ಯಸ್ಥರು ದೃಢೀಕರಿಸಿದ ಹಾಜರಿಯ ಪ್ರತಿ ನಿಮ್ಮ ಹತ್ತಿರವೂ ಒಂದಿರಲಿ. ಇಷ್ಟು ಸರಳವಾಗಿ ಯಾರೂ ಅವಳಿಗೆ ಇದುವರೆಗೆ ಹೇಳಿರಲಿಲ್ಲ. ಅವಳ ಕಣ್ಣು ತುಂಬಿ ಬಂತು, ಆಕೆಗೆ ಕಾಣದಿರಲೆಂದು ಚೀಲದಲ್ಲಿ ಏನೋ ಹುಡುಕುವವಳ ಹಾಗೆ ಮಾಡಿದಳು.

ಹಿಂದಿರುಗಿ ಬಂದು ಗುಮಾಸ್ತರ ಮೇಜಿನ ಮುಂದೆ ನಿಂತಾಗ ಅವರು ಡ್ರಾಯರ್ ಎಳೆದು ಬಿಲ್ಲನ್ನು ಹೊರಗಿಟ್ಟರು. ಇಷ್ಟು ದಿನ ಅಲ್ಲೇ ಇತ್ತು.

‘ಹೋಗಿದೆ ಅಂದ್ರಲ್ಲ ಸಾರ್.’

‘ಹೋಗಿತ್ತಲ್ಲ ಮೇಡಂ. ವಾಪಸು ಬಂತಾ ಅಂತ ನೀವು ಯಾರೂ ಕೇಳ್ಲಿಲ್ಲ.’ ಗುಮಾಸ್ತರು ನಿಜಕ್ಕೂ ಕಷ್ಟದಲ್ಲಿದ್ದವರ ಹಾಗೆ ಕಂಡರು. ‘ಕೇಳಿದ್ರೆ ಪ್ರಿನ್ಸಿಪಾಲರ ಮುಂದೆ ಇಡಬೇಕಾಗ್ತಿತ್ತು. ಇಟ್ಟಿದ್ರೆ ಜೋಡಿ ಕ್ಲಾಸು ಮಾಡ್ತಾರೆ ಅಂತ ಗೊತ್ತಾಗಿ, ನಿಮ್ಮಿಬ್ಬರಲ್ಲಿ ಒಬ್ಬರ ಹೊಟ್ಟೆ ಮೇಲೆ ಹೊಡೆದ ಹಾಗೆ. ಅದಕ್ಕೆ ಸುಮ್ಮನಿದ್ದೆ. ದೇವರೇ ದಾರಿ ತೋರಿಸ್ತಾನೆ ಅಂದ್ಕೊಂಡೆ.’

ದೇವರಿಗೆ ಡ್ರಾಯರ್ ತೆಗೆದು ನೋಡುವ ಅಭ್ಯಾಸ ಇರಲಿಲ್ಲ. ಒಬ್ಬರ ಹೊಟ್ಟೆ ಉಳಿಸಲು ಹೋಗಿ ಆರು ಹೊಟ್ಟೆಗೂ ಕಲ್ಲು ಹಾಕಿದ ಈ ಕರುಣಾಳುವನ್ನು ಬೈಯುವುದೋ ಕೈ ಮುಗಿಯುವುದೋ ತಿಳಿಯದೆ, ಮೇಡಂ ಎರಡೂ ಮಾಡದೆ ಆಟದ ಸಾಮಾನಿನ ಕೋಣೆಗೆ ಬಂದಳು.

ಜೋಡಿ ಕ್ಲಾಸು ಎಂಬುದು ಆ ಕೋಣೆಯ ಒಳಗುಟ್ಟು. ಬಸ್ಸು ಮೇಷ್ಟ್ರು ಬೆಳಿಗ್ಗೆ ಇನ್ನೊಂದು ಕಾಲೇಜಿನಲ್ಲಿ ಪಾಠ ಮುಗಿಸಿ, ಎರಡು ಬಸ್ಸು ಬದಲಿಸಿ ಇಲ್ಲಿಗೆ ಓಡಿ ಬರುವವರು. ಮೊದಲ ಬಸ್ಸು ತಡವಾದರೆ ಎರಡನೆಯದು ಸಿಗುತ್ತಿರಲಿಲ್ಲ. ಎ ವಿಭಾಗಕ್ಕೆ ಮೇಡಂ, ಬಿ ವಿಭಾಗಕ್ಕೆ ಅವರು, ಇಬ್ಬರದೂ ಒಂದೇ ವಿಷಯ. ಅವರು ಬರದ ದಿನ ಮೇಡಂ ಎರಡೂ ವಿಭಾಗವನ್ನು ದೊಡ್ಡ ಕೊಠಡಿಯಲ್ಲಿ ಕೂರಿಸಿ ಪಾಠ ಮಾಡುತ್ತಿದ್ದಳು. ಅವಳ ಮಗಳಿಗೆ ಹುಷಾರಿಲ್ಲದ ದಿನ, ಅವಳು ಅರ್ಧ ದಾರಿಯಲ್ಲಿದ್ದಾಗ ಮೇಷ್ಟ್ರು ಎರಡೂ ವಿಭಾಗವನ್ನು ಕೂರಿಸಿಕೊಳ್ಳುತ್ತಿದ್ದರು. ತಡವಾಗಿ ಬಂದವರು ತಮ್ಮ ಸಾಲಿನಲ್ಲಿ ಸಹಿ ಹಾಕುತ್ತಿದ್ದರು. ಇಲ್ಲದಿದ್ದರೆ ಆ ದಿನದ ಅನ್ನ ಹೋದ ಹಾಗೆ. ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಬೇರೆ ದಿನಗಳಲ್ಲಿ ತಂತಮ್ಮ ಕೊಠಡಿಯ ಸಂಖ್ಯೆಯನ್ನೇ ಬರೆದು ಪಾರಾಗಿದ್ದರು. ಅವತ್ತು ಒಂದು ದಿನ ಮಾತ್ರ, ಯಾವ ಘಳಿಗೆಯಲ್ಲೋ ಏನೋ, ಇಬ್ಬರೂ ದೊಡ್ಡ ಕೊಠಡಿ ಎಂಬ ಸತ್ಯ ಬರೆದಿದ್ದರು. ಸಿಕ್ಕಿಬಿದ್ದದ್ದು ಆ ಸತ್ಯವೇ.

ಬಸ್ಸು ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಬಂದಾಗ ಅವಳು ಎಲ್ಲವನ್ನೂ ಹೇಳಿದಳು. ಆಮೇಲೆ ಇಬ್ಬರೂ ಅಸಲು ಪ್ರಶ್ನೆಗೆ ಬಂದರು. ಅವತ್ತು ಪಾಠ ಮಾಡಿದ್ದು ಯಾರು?

ಮೇಡಂಗೆ ನೆನಪೇ ಇರಲಿಲ್ಲ. ಎಷ್ಟು ನೆನಪು ಮಾಡಿಕೊಂಡರೂ ಅಂಥ ಮೂರು ನಾಲ್ಕು ದಿನಗಳು ಒಂದರೊಳಗೊಂದು ಕಲಸಿಕೊಂಡು ಬರುತ್ತಿದ್ದವು. ದೊಡ್ಡ ಕೊಠಡಿಯ ಕೆಟ್ಟ ಫ್ಯಾನು ನೆನಪಾಗುತ್ತಿತ್ತು, ಅದು ಯಾವ ದಿನ ಎಂದು ನೆನಪಾಗುತ್ತಿರಲಿಲ್ಲ. ಮೇಷ್ಟ್ರು ನೆಲ ನೋಡುತ್ತ ಕೂತಿದ್ದರು.

‘ನನಗೂ ಸರಿಯಾಗಿ ಗೊತ್ತಿಲ್ಲ ಮೇಡಂ. ನೀವೇ ಇರಬೇಕು. ನಾನು ತಡವಾಗಿ ಬರೋದೇ ಹೆಚ್ಚಲ್ವಾ?’

ಅದು ಸರಿಯಾದ ಮಾತಾಗಿ ಕಂಡಿತು. ಬರೆದುಕೊಟ್ಟವರ ಮೇಲೆ ಪ್ರಿನ್ಸಿಪಾಲರ ಕಣ್ಣು ಬೀಳುವುದು ಖಂಡಿತ. ಹೇಳದೆ ಕೇಳದೆ ವಿಭಾಗಗಳನ್ನು ಕೂಡಿಸಿದವರು ಯಾರು ಎಂದರೆ ಈ ಮಹಾಶಯರು ಎಂದು ಕೈಯಾರೆ ಬರೆದುಕೊಟ್ಟ ಹಾಗೆ. ಬರೆಯದಿದ್ದರೆ ದುಡ್ಡಿಲ್ಲ, ಫ್ಯಾನ್ ಅಂಗಡಿ. ಬರೆದರೆ ದುಡ್ಡು ಬರುತ್ತದೆ, ಆದರೆ ಮುಂದಿನ ಪಟ್ಟಿಯಲ್ಲಿ ಹೆಸರು ಹೋಗಿ ಮತ್ತೆ ಅದೇ ಫ್ಯಾನ್ ಅಂಗಡಿ. ಎತ್ತ ತಿರುಗಿದರೂ ಭಾವನ ಅಂಗಡಿಯ ಬಾಗಿಲೇ ಎದುರಾಗುತ್ತಿತ್ತು. ಕೋಣೆಯ ಉಳಿದ ನಾಲ್ವರ ಮುಖ ನೋಡಿದಳು. ಅವರಲ್ಲೊಬ್ಬಳು ಸಾಲ ಮಾಡಿ ಮನೆ ಬಾಡಿಗೆ ಕಟ್ಟುತ್ತಿದ್ದಳು. ಮೇಷ್ಟ್ರಿಗೆ ಎರಡು ಕಾಲೇಜೂ ಸೇರಿದರೆ ಒಂದು ಸಂಸಾರ. ತನಗೆ ಗಂಡನಾದರೂ ದುಡಿಯುತ್ತಾನೆ.

ನಾನೇ ಬರೆದುಕೊಡುತ್ತೇನೆ ಎಂದಳು.

ಮೇಷ್ಟ್ರು ತಲೆ ಎತ್ತಿ ನೋಡಿದರು. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು, ಹೇಳಲಿಲ್ಲ. ಅವಳು ಬರೆಯುತ್ತಿದ್ದಾಗ ಪಕ್ಕದಲ್ಲೇ ನಿಂತು, ಕೊನೆಗೆ ಒಂದು ಸಾಲು ಸೇರಿಸಿ ಮೇಡಂ, ನಿಮಗೆ ರಕ್ಷಣೆ ಇರುತ್ತದೆ ಎಂದು ತಾವೇ ಹೇಳಿ ಬರೆಸಿದರು: ‘ಎರಡೂ ವಿಭಾಗಗಳಿಗೆ ಒಟ್ಟಿಗೆ ಪಾಠ ಮಾಡಿದ್ದರಿಂದ ವಿದ್ಯಾರ್ಥಿಗಳ ಕಲಿಕೆಗೆ ಯಾವುದೇ ನಷ್ಟ ಆಗಿರುವುದಿಲ್ಲ.’ ಆ ಸಾಲು ಓದಿ ಅವಳಿಗೂ ಧೈರ್ಯ ಬಂತು.

ತಿದ್ದಿದ ಬಿಲ್ಲು ಹೋಯಿತು. ಈ ಸಲ ಸ್ವೀಕೃತಿ ಸಂಖ್ಯೆಯೂ ಬಂತು, ಗುಮಾಸ್ತರು ಅದನ್ನು ಮಗುವಿನ ಜಾತಕದ ಹಾಗೆ ಜೋಪಾನವಾಗಿ ಬರೆದುಕೊಟ್ಟರು. ಒಂದು ಬೆಳಿಗ್ಗೆ ಕ್ಲಾಸಿನ ನಡುವೆ ಅವಳ ಫೋನು ಗುನುಗಿತು. ಹೊರಗೆ ಬಂದು ನೋಡಿದರೆ ಬ್ಯಾಂಕಿನ ಸಂದೇಶ. ಪಕ್ಕದ ಕ್ಲಾಸಿನಿಂದ ಇನ್ನೊಬ್ಬಳು ಹೊರಗೆ ಬಂದಳು, ಆಚೆಯಿಂದ ಮತ್ತೊಬ್ಬರು. ಕಾರಿಡಾರಿನಲ್ಲಿ ಮೂವರೂ ಫೋನು ಹಿಡಿದುಕೊಂಡು ಹಲ್ಲು ಕಾಣುವ ಹಾಗೆ ನಕ್ಕರು. ಮನೆಗೆ ಹೋಗಿ ಅತ್ತೆಯ ಕೈಗೆ ಬಸ್ಸಿನ ಚಿಲ್ಲರೆಯ ಬಾಕಿಯನ್ನು ಇಟ್ಟಾಗ ಅವರು ಎಣಿಸಿ, ಪಾರ್ಕಿನವರು ಒಳ್ಳೆಯ ಸಂಬಳವೇ ಕೊಡುತ್ತಾರೆ ಎಂದರು. ಗಂಡ ಆ ರಾತ್ರಿ ತಾನೇ ಅಣ್ಣನಿಗೆ ಫೋನ್ ಮಾಡಿ ಬೇರೆ ಯಾರನ್ನಾದರೂ ನೋಡಿಕೊಳ್ಳಲು ಹೇಳಿದ.

ಸೆಮಿಸ್ಟರ್ ಮುಗಿಯುವ ವಾರ ಪ್ರಿನ್ಸಿಪಾಲರು ಅವಳನ್ನು ಕರೆಸಿದರು. ಬಂತು ಗ್ರಹಚಾರ ಎಂದುಕೊಂಡು, ಕೇಳಿಸಿಕೊಳ್ಳಬೇಕಾದ ಬೈಗುಳಕ್ಕೆಲ್ಲ ಮನಸ್ಸು ಗಟ್ಟಿಮಾಡಿಕೊಂಡು ಒಳಗೆ ಹೋದಳು. ಮೇಜಿನ ಮೇಲೆ ಅವಳ ಹೇಳಿಕೆಯ ಪ್ರತಿ ಇತ್ತು. ಕೊನೆಯ ಸಾಲಿನ ಕೆಳಗೆ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

‘ಕೂತ್ಕೊಳ್ಳಿ’ ಎಂದರು ಪ್ರಿನ್ಸಿಪಾಲರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಇನ್ನಷ್ಟು ಗಲಿಬಿಲಿಗೊಳಿಸಿತು. ‘ಕೇಂದ್ರ ಕಚೇರಿಯವರು ಒಂದು ಪ್ರಶ್ನೆ ಕೇಳಿದ್ದಾರೆ. ಒಬ್ಬರೇ ಎರಡೂ ವಿಭಾಗ ಕೂರಿಸಿ ಪಾಠ ಮಾಡಬಹುದು, ಹುಡುಗರಿಗೆ ನಷ್ಟ ಇಲ್ಲ ಅಂದ್ಮೇಲೆ, ಇಬ್ಬರು ಯಾಕೆ ಅಂತ. ನನ್ನ ಹತ್ರ ಉತ್ತರ ಇಲ್ಲ ಮೇಡಂ. ನೀವೇ ಬರೆದುಕೊಟ್ಟಿದ್ದೀರಿ.’

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಮುಂದಿನ ಸೆಮಿಸ್ಟರ್‌ನಿಂದ ಅಕೌಂಟ್ಸ್‌ಗೆ ದೊಡ್ಡ ಕೊಠಡಿ, ಎರಡೂ ವಿಭಾಗ ಒಟ್ಟಿಗೆ, ಒಬ್ಬರೇ ಉಪನ್ಯಾಸಕರು ಎಂದು ಅವರು ಹೇಳಿದರು. ಸಂಭಾವನೆ ಒಂದು ಪೀರಿಯಡ್‌ಗೆ ಒಂದೇ. ಆ ಒಬ್ಬರು ಯಾರು ಎಂಬುದರಲ್ಲಿ ಯೋಚನೆ ಮಾಡುವಂಥದ್ದೇನೂ ಇರಲಿಲ್ಲ. ಮಾಡಿ ತೋರಿಸಿದವರು ಯಾರೋ ಅವರೇ.

ಅವತ್ತು ನಾನೇ ಇದ್ದೆ ಎಂದು ನನಗೆ ಖಚಿತವಿಲ್ಲ ಎಂದಳು. ಪ್ರಿನ್ಸಿಪಾಲರು ಕನ್ನಡಕ ತೆಗೆದರು. ಹಾಗಾದರೆ ಸುಳ್ಳು ಹೇಳಿಕೆಯ ಮೇಲೆ ಬಿಲ್ಲು ಪಾಸಾಗಿದೆ ಎಂದು ತಾವು ಬರೆಯಬೇಕಾಗುತ್ತದೆ, ಆರೂ ಜನರದ್ದು ಮತ್ತೆ ತನಿಖೆಗೆ ಹೋಗುತ್ತದೆ, ಮುಂದಿನ ಬಿಲ್ಲುಗಳೂ ನಿಲ್ಲುತ್ತವೆ, ಯೋಚನೆ ಮಾಡಿ ಹೇಳಿ ಎಂದರು. ಹೆದರಿಸಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದು. ಅವಳು ಯೋಚನೆ ಮಾಡಲು ಹೊರಗೆ ಬಂದಳು, ಆದರೆ ಯೋಚನೆ ಎಂಬುದು ಎಲ್ಲಿಂದ ಶುರುಮಾಡಬೇಕೋ ಅದೇ ಸಿಗಲಿಲ್ಲ.

ಬಸ್ಸು ಮೇಷ್ಟ್ರು ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತಿದ್ದರು. ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಅವಳು ಹತ್ತಿರ ಹೋಗಿ, ನಾಳೆಯೇ ಹೋಗಿ ನಿಜ ಹೇಳಿಬಿಡುತ್ತೇನೆ, ಹುಡುಗರನ್ನು ಕೇಳಿಯಾದರೂ ಯಾರು ಎಂದು ತಿಳಿದುಕೊಳ್ಳೋಣ ಎಂದಳು. ಮೇಷ್ಟ್ರು ಬೇಡ ಎಂದು ಕೈ ಆಡಿಸಿದರು.

‘ಕೇಳೋದೇನು ಬೇಡ ಮೇಡಂ. ನಾನೇ ತಗೊಂಡಿದ್ದು.’

ಅವಳು ಚೀಲವನ್ನು ಕಟ್ಟೆಯ ಮೇಲಿಟ್ಟಳು.

‘ಅವತ್ತು ಬಸ್ಸು ಬೇಗ ಬಂದಿತ್ತು. ಅಪರೂಪಕ್ಕೆ. ಅದಕ್ಕೇ ಚೆನ್ನಾಗಿ ನೆನಪಿದೆ. ನಿಮ್ಮ ಮಗಳಿಗೆ ಜ್ವರ ಅಂತ ಫೋನ್ ಮಾಡಿದ್ರಿ. ಬಾಕಿ ಸಂಬಳದ ಲೆಕ್ಕ ಮಾಡ್ದೆ, ಹುಡುಗರು ನನ್ನ ಮುಖ ನೋಡಿ ನಕ್ಕಿದ್ರು.’ ಅವರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ‘ನಾನೇ ಬರೀತೀನಿ ಅಂತ ನೀವು ಅಂದಾಗ ಹೇಳ್ಬೇಕು ಅಂತಿತ್ತು. ಹೆದರಿಕೆ ಆಯ್ತು. ಏನಾದ್ರೂ ಆದ್ರೆ ನಿಮಗಾಗ್ಲಿ ಅಂತ ಬಿಟ್ಟೆ. ಆ ಕೊನೇ ಸಾಲಾದ್ರೂ ಸೇರಿಸಿದ್ರೆ ಪಾಪ ನಿಮಗೆ ಏನೂ ಆಗಲ್ಲ ಅಂದ್ಕೊಂಡೆ.’

ಅವಳಿಗೆ ಅವರ ಮೇಲೆ ಸಿಟ್ಟು ಬರಬೇಕಾಗಿತ್ತು. ಬಂತು ಕೂಡ, ಆದರೆ ಬಂದ ಸಿಟ್ಟು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಿರುಗಿ ತನ್ನ ಮೇಲೇ ಬಂತು. ತಪ್ಪನ್ನು ತಾನು ಹೊರುತ್ತೇನೆ ಎಂದು ಹೊತ್ತದ್ದು ಬಹುಮಾನವಾಗಿಬಿಟ್ಟಿತ್ತು. ತಪ್ಪಿಸಿಕೊಳ್ಳಲು ಹೋದವರಿಗೆ ಅದೇ ಶಿಕ್ಷೆಯಾಗಿತ್ತು. ಇದರಲ್ಲಿ ಮೋಸ ಮಾಡಿದವರು ಯಾರು, ಮೋಸಹೋದವರು ಯಾರು ಎಂದು ಯಾವ ಪುಸ್ತಕದಲ್ಲಿ ಹೇಗೆ ತೋರಿಸುವುದೋ ಅವಳಿಗೆ ಹೊಳೆಯಲಿಲ್ಲ.

‘ಹೇಳ್ಬೇಡಿ ಮೇಡಂ’ ಎಂದರು ಮೇಷ್ಟ್ರು ಏಳುತ್ತ. ‘ಈಗ ಹೇಳಿದ್ರೆ ನನ್ನ ಕೆಲಸ ಬರಲ್ಲ, ಉಳಿದವರ ದುಡ್ಡು ಹೋಗತ್ತೆ. ಬೆಳಿಗ್ಗೆ ಕಾಲೇಜು ಇದೆಯಲ್ಲ ನನಗೆ. ಇನ್ಮೇಲೆ ಓಡ್ಬೇಕಾಗಿಲ್ಲ.’ ನಗಲು ನೋಡಿದರು. ಬಸ್ಸು ಬಂತು, ಸರಿಯಾದ ಹೊತ್ತಿಗೇ ಬಂತು. ಹತ್ತಿ ಹೋದರು.

ಅವಳು ಹೇಳಲಿಲ್ಲ. ಹೇಳಬೇಕೆಂದು ಎರಡು ಸಲ ಪ್ರಿನ್ಸಿಪಾಲರ ಬಾಗಿಲವರೆಗೆ ಹೋದಳು, ಎರಡು ಸಲವೂ ಬಾಡಿಗೆ ಕಟ್ಟುವವಳ ಮುಖ ನೆನಪಾಗಿ ವಾಪಸು ಬಂದಳು. ಮುಂದಿನ ಸೆಮಿಸ್ಟರ್‌ನಿಂದ ಒಬ್ಬೊಬ್ಬರ ಬಿಲ್ಲು ಬೇರೆ ಮಾಡಬೇಕೆಂದು ಅರ್ಜಿ ಕೊಟ್ಟಳು, ಅದು ಮಂಜೂರಾಯಿತು. ಈಗ ಐದು ಬಿಲ್ಲು.

ಹೊಸ ಸೆಮಿಸ್ಟರ್‌ನ ಮೊದಲ ದಿನ ದೊಡ್ಡ ಕೊಠಡಿ ಗಿಜಿಗುಡುತ್ತಿತ್ತು. ಕೆಟ್ಟ ಫ್ಯಾನು ಹಾಗೇ ಇತ್ತು. ಬೆಂಚು ಸಾಲದೆ ಹಿಂದಿನ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಗಂಟಲು ಕಿತ್ತುಹೋಗುವ ಹಾಗೆ ಕೂಗಿ ಪಾಠ ಮಾಡಿದಳು, ಆದರೂ ಕಿಟಕಿಯವರಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ನಷ್ಟ ಆಗಿರುವುದಿಲ್ಲ ಎಂದು ತಾನೇ ಬರೆದಿದ್ದಳು.

ಪೀರಿಯಡ್ ಮುಗಿದ ಮೇಲೆ ಕಚೇರಿಗೆ ಬಂದು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದಳು. ಮಾರನೆಯ ದಿನವೂ ಹಾಕಿದಳು, ಅದರ ಮಾರನೆಯ ದಿನವೂ. ವಾರದ ಕೊನೆಗೆ ಪುಸ್ತಕ ಪರಿಶೀಲಿಸುತ್ತಿದ್ದ ಗುಮಾಸ್ತರು ಅವಳನ್ನು ಕರೆದರು.

‘ಮೇಡಂ, ದಿನಾ ನಿಮ್ಮ ಸಹಿ ಕೆಳಗೆ ಒಂದು ಸಾಲು ಖಾಲಿ ಬಿಡ್ತಾ ಇದ್ದೀರಲ್ಲ, ಯಾಕೆ?’

ಅವಳು ಬಗ್ಗಿ ನೋಡಿದಳು. ನಿಜ, ಪ್ರತಿ ದಿನವೂ ಒಂದು ಸಾಲು ಬಿಟ್ಟಿತ್ತು. ಬಿಡುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ತಡವಾಗಿ ಬರುವವರು ಬಂದು ಸಹಿ ಹಾಕಲಿ ಎಂದು ಬಿಟ್ಟು ರೂಢಿಯಾದ ಕೈ ಅದು. ಗುಮಾಸ್ತರು ಪೆನ್ನು ಹಿಡಿದುಕೊಂಡು ಕಾಯುತ್ತಿದ್ದರು. ಖಾಲಿ ಸಾಲನ್ನು ಆಡಿಟ್‌ನವರು ಒಪ್ಪುವುದಿಲ್ಲ, ಅಡ್ಡ ಗೆರೆ ಹೊಡೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು.

ಅವಳು ಪೆನ್ನು ತೆಗೆದುಕೊಂಡಳು. ಮೊದಲ ಖಾಲಿ ಸಾಲಿನ ಮೇಲೆ ಗೆರೆ ಎಳೆದಳು. ಎರಡನೆಯದರ ಮೇಲೆ ಎಳೆಯಲು ಅವಳ ಕೈಯಿಂದ ಆಗಲಿಲ್ಲ. ಗುಮಾಸ್ತರು ಮೆಲ್ಲನೆ ಪೆನ್ನು ವಾಪಸು ತೆಗೆದುಕೊಂಡು, ಉಳಿದದ್ದನ್ನು ತಾವೇ ಎಳೆದರು.